ಗ್ರಾಮಸಭೆಯ ರೆಕಾರ್ಡಿಂಗ್ ಕೇಳಿ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬರೆಯುವುದು ಹೇಗೆ

ಗ್ರಾಮಸಭೆಗೆ ಬಂದವರಿಗಿಂತ ಬರದವರೇ ಜಾಸ್ತಿ. ಹೊಲದಲ್ಲಿದ್ದವರು, ಕೂಲಿಗೆ ಹೋದವರು, ಮನೆಯಲ್ಲಿ ಹುಷಾರಿಲ್ಲದವರನ್ನು ನೋಡಿಕೊಳ್ಳುತ್ತಿದ್ದವರು. ಅವರಿಗೆ ಬೇಕಾಗಿರುವುದು ಒಂದೇ: ಸಭೆಯಲ್ಲಿ ಏನು ಗಟ್ಟಿಯಾಯಿತು, ನಾವು ಏನು ಮಾಡಬೇಕು, ಯಾವಾಗಿನೊಳಗೆ. ನಡಾವಳಿ ಪುಸ್ತಕ ಪಂಚಾಯಿತಿ ಕಚೇರಿಯ ಬೀರುವಿನಲ್ಲಿರುತ್ತದೆ, ಅದರ ಭಾಷೆಯೂ ಎಲ್ಲರಿಗೂ ಒಗ್ಗುವುದಿಲ್ಲ. ಅದಕ್ಕೇ ಬೋರ್ಡಿನ ಮೇಲೆ ಒಂದು ಸರಳ ಹಾಳೆ ಬೇಕು.

ಈ ಹಾಳೆ ನಡಾವಳಿಗೆ ಬದಲಿ ಅಲ್ಲ. ಸಭೆಯ ಅಧಿಕೃತ ದಾಖಲೆ ನಡಾವಳಿಯೇ. ಹಾಗಾಗಿ ನೀವು ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್ ಆಗಿರಲಿ, ಗ್ರಂಥಾಲಯ ನೋಡಿಕೊಳ್ಳುವವರಾಗಿರಲಿ, ಊರಿನ ಸ್ವಯಂಸೇವಕರಾಗಿರಲಿ, ಪಿಡಿಒ ಸಹಿ ಇಲ್ಲದೆ ಹಾಳೆ ಬೋರ್ಡಿಗೆ ಹೋಗಬಾರದು. ರೆಕಾರ್ಡಿಂಗ್ ಕೇಳುವುದಕ್ಕೆ ಮೊದಲೇ ಇದನ್ನು ಅವರ ಹತ್ತಿರ ಮಾತಾಡಿಕೊಳ್ಳಿ.

ಕಿವಿಗೆ ಹಾಕಿಕೊಳ್ಳುವ ಮುಂಚೆ

ಮೊದಲು ಆಡಿಯೋ ಫೈಲಿನ ಇನ್ನೊಂದು ಪ್ರತಿ ಮಾಡಿ, ಕಂಪ್ಯೂಟರಿಗೋ ಪೆನ್‌ಡ್ರೈವ್‌ಗೋ ಹಾಕಿಡಿ. ಹೆಸರಿನಲ್ಲೇ ಸಭೆಯ ದಿನಾಂಕ ಇರಲಿ, ಉದಾಹರಣೆಗೆ `2025-11-12-gramasabhe.m4a`. ಫೋನಿನಲ್ಲಿರುವ ಮೂಲ ಫೈಲನ್ನು ಕತ್ತರಿಸಬೇಡಿ. ವಾಟ್ಸಾಪ್ ಗುಂಪಿಗೂ ಹಾಕಬೇಡಿ. ಅದರಲ್ಲಿ ಜನ ತಮ್ಮ ಮನೆ ಕಷ್ಟ, ಸಾಲ, ಕಾಯಿಲೆ ಎಲ್ಲ ಹೇಳಿಕೊಂಡಿರುತ್ತಾರೆ.

ಆಮೇಲೆ ಕಾಗದಗಳು. ಸಭೆಗೆ ಮೊದಲು ಹೊರಡಿಸಿದ ಸೂಚನೆ ಮತ್ತು ವಿಷಯಪಟ್ಟಿ, ಹಾಜರಿ ಪುಸ್ತಕ, ನಡಾವಳಿ ಬರೆದಾಗಿದ್ದರೆ ಅದರ ನಕಲು, ಹಿಂದಿನ ಗ್ರಾಮಸಭೆಯ ಅನುಪಾಲನಾ ವರದಿ. ಇವು ಪಕ್ಕದಲ್ಲಿದ್ದರೆ ಅರ್ಧ ಗೊಂದಲ ತಾನೇ ಹೋಗುತ್ತದೆ. ರೆಕಾರ್ಡಿಂಗ್‌ನಲ್ಲಿ ಯಾರೋ “ಆ ಎರಡನೇದು ಬಿಟ್ಟುಬಿಡಿ” ಅಂದರೆ ಏನು ಬಿಟ್ಟರು ಅಂತ ವಿಷಯಪಟ್ಟಿ ನೋಡದೆ ಗೊತ್ತಾಗುವುದಿಲ್ಲ. ಎಷ್ಟು ಜನ ಬಂದಿದ್ದರು ಅನ್ನುವುದನ್ನೂ ಹಾಜರಿ ಪುಸ್ತಕದಿಂದಲೇ ತೆಗೆದುಕೊಳ್ಳಿ. “ಇನ್ನೂರು ಮುನ್ನೂರು ಜನ ಸೇರಿದ್ದಾರೆ” ಅಂತ ಮೈಕಿನಲ್ಲಿ ಹೇಳುವುದು ಸಂತೋಷಕ್ಕೆ ಹೇಳಿದ ಮಾತು, ಲೆಕ್ಕ ಅಲ್ಲ.

ಮೊದಲ ಸಲ: ಬರೆಯಬೇಡಿ, ಗುರುತು ಮಾಡಿ

ಹೆಚ್ಚಿನವರು ಶುರುವಿನಿಂದ ಒಂದೊಂದು ಮಾತನ್ನೂ ಬರೆದುಕೊಳ್ಳಲು ಕೂರುತ್ತಾರೆ. ಎರಡು ಗಂಟೆಯ ಸಭೆಯನ್ನು ಹಾಗೆ ಬರೆಯಲು ದಿನಗಳೇ ಬೇಕು, ಅಷ್ಟು ಬರೆದರೂ ನೋಟಿಸಿಗೆ ಅದರಲ್ಲಿ ಬಹುಪಾಲು ಬೇಕಾಗುವುದಿಲ್ಲ. ಮೊದಲ ಸಲ ಸ್ವಲ್ಪ ವೇಗವಾಗಿ ಕೇಳಿ, 1.25 ಪಟ್ಟು ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಎಲ್ಲರೂ ಒಟ್ಟಿಗೆ ಮಾತಾಡುವ ಕಡೆ ಏನೂ ತಿಳಿಯುವುದಿಲ್ಲ. ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ.

ಒಂದು ಹಾಳೆಯಲ್ಲಿ ನಿಮಿಷ ಮತ್ತು ವಿಷಯ, ಇಷ್ಟೇ ಬರೆದುಕೊಳ್ಳಿ. 0:12 ಹಿಂದಿನ ಸಭೆಯ ವರದಿ. 0:41 ಕೆಳಗಿನ ಕೇರಿ ನೀರು. 1:05 ಮನೆ ಪಟ್ಟಿ. 1:33 ಮತ್ತೆ ನೀರು. ಈ “ಮತ್ತೆ” ಮುಖ್ಯ. ಗ್ರಾಮಸಭೆಯಲ್ಲಿ ಮಾತು ನೆಟ್ಟಗೆ ಸಾಗುವುದಿಲ್ಲ. ನೀರಿನ ವಿಷಯ ಮುಗಿಯಿತು ಅಂದುಕೊಂಡಾಗ ಮನೆ ಪಟ್ಟಿಯ ಮಧ್ಯೆ ಯಾರೋ ಎದ್ದು ಮತ್ತೆ ನೀರು ಎತ್ತುತ್ತಾರೆ. ಮೊದಲು ಹೇಳಿದ್ದು ಅಲ್ಲಿ ಬದಲಾಗಿಯೂ ಹೋಗಬಹುದು. ಒಂದು ವಿಷಯ ಎಲ್ಲೆಲ್ಲಿ ಬಂದಿದೆಯೋ ಅಷ್ಟೂ ಜಾಗ ಗುರುತಾಗಿರಬೇಕು. ಕೊನೆಯ ಸಲ ಏನಾಯಿತು ಅನ್ನುವುದರ ಮೇಲೆ ನೋಟಿಸ್ ನಿಲ್ಲುತ್ತದೆ.

ಎರಡನೇ ಸಲ: ನಾಲ್ಕು ಬಗೆಯ ಮಾತು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸಭೆಯ ಮಾತುಗಳನ್ನು ನಾಲ್ಕು ಬಗೆಯಾಗಿ ಬೇರೆ ಮಾಡಿ. ಯಾರೋ ಕೇಳಿದ್ದು ಬೇಡಿಕೆ. ಅಧಿಕಾರಿಯೋ ಸದಸ್ಯರೋ ತಾವಾಗಿ ಒಪ್ಪಿಕೊಂಡದ್ದು ಭರವಸೆ. ಸಭೆಯ ಮುಂದಿಟ್ಟು, ಒಪ್ಪಿಗೆ ಕೇಳಿ, ಬರೆದುಕೊಳ್ಳಿ ಅಂದದ್ದು ತೀರ್ಮಾನ. ಉಳಿದದ್ದೆಲ್ಲ ಚರ್ಚೆ. ಈ ನಾಲ್ಕು ಕಲಸಿಹೋದರೆ ನೋಟಿಸ್ ಊರಲ್ಲಿ ಜಗಳ ಹಚ್ಚುತ್ತದೆ. ಬೇಡಿಕೆಯನ್ನು ತೀರ್ಮಾನ ಅಂತ ಬರೆದರೆ ಜನ ನಂಬಿ ಕಾಯುತ್ತಾರೆ. ತೀರ್ಮಾನವನ್ನು ಚರ್ಚೆ ಅಂತ ಬರೆದರೆ ಸಭೆಯಲ್ಲಿ ಕೈಯೆತ್ತಿದವರ ಮಾತಿಗೆ ಬೆಲೆಯೇ ಇಲ್ಲದಂತಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾನೇ ಕಟ್ಟಿದ್ದು, ಆದರೆ ಯಾವ ಪಂಚಾಯಿತಿಯ ಸಭೆಯಲ್ಲಾದರೂ ಕೇಳಿಸಬಹುದಾದದ್ದು. 41ನೇ ನಿಮಿಷ.

ಒಬ್ಬ ಹೆಂಗಸು: “ಹೋದ ಸಭೇಲೂ ಹೇಳಿದ್ವಿ ಸಾರ್. ಕೆಳಗಿನ ಕೇರಿಗೆ ನೀರು ನಾಲ್ಕು ದಿನಕ್ಕೊಂದ್ಸಲ. ಅದೂ ಎರಡು ಕೊಡ ತುಂಬೋದ್ರೊಳಗೆ ನಿಂತೋಗುತ್ತೆ.”

ನೀರುಗಂಟಿ: “ವಾಲ್ವ್ ಕೆಟ್ಟೋಗಿದೆ ಅಕ್ಕ. ಬಿಟ್ಟ ನೀರೆಲ್ಲ ಮೇಲಿನ ಕೇರಿಗೇ ಹೋಗ್ಬಿಡುತ್ತೆ.”

ಸದಸ್ಯರೊಬ್ಬರು: “ವಾಲ್ವ್ ಹಾಕಿದ್ರೆ ಆಗಲ್ಲ ಅಣ್ಣ, ಹೊಸ ಬೋರ್ ಕೊರೆಸಿ.”

ಪಿಡಿಒ: “ಬೋರ್‌ಗೆ ಎಸ್ಟಿಮೇಟ್ ಬೇಕು, ಇಂಜಿನಿಯರ್ ಬಂದು ನೋಡ್ಬೇಕು. ವಾಲ್ವ್ ಬೇಕಾದ್ರೆ ಬರೋ ಸೋಮವಾರದೊಳಗೆ ಹಾಕಿಸ್ತೀನಿ. ಹದಿನೈದರಲ್ಲಿ ದುಡ್ಡಿದೆ.”

ಅಧ್ಯಕ್ಷರು: “ಆಯ್ತು, ವಾಲ್ವ್ ಬರ್ಕೊಳ್ಳಿ. ಎಲ್ರದೂ ಒಪ್ಪಿಗೆ ಇದೆಯಾ?” (ಇದೆ ಇದೆ ಅನ್ನುವ ದನಿಗಳು.)

ಸದಸ್ಯರು: “ಬೋರು?” ಅಧ್ಯಕ್ಷರು: “ಆಯ್ತು, ಅದನ್ನೂ ನೋಡೋಣ.”

ಇಲ್ಲಿ “ಆಯ್ತು” ಎರಡು ಸಲ ಬಂದಿದೆ. ಮೊದಲನೆಯದರ ಹಿಂದೆ “ಬರ್ಕೊಳ್ಳಿ” ಇದೆ, ಒಪ್ಪಿಗೆ ಕೇಳಿದ್ದಾರೆ, ಜನ ಒಪ್ಪಿದ್ದಾರೆ. ಅದು ತೀರ್ಮಾನ. ಎರಡನೆಯದು ಮಾತು ಮುಂದಕ್ಕೆ ಸಾಗಲಿ ಅಂತ ಹೇಳಿದ “ಆಯ್ತು”. ಬೋರ್‌ವೆಲ್ ಇನ್ನೂ ಬೇಡಿಕೆಯಾಗಿಯೇ ಉಳಿದಿದೆ. ಪಿಡಿಒ ಹೇಳಿದ “ಇಂಜಿನಿಯರ್ ಬಂದು ನೋಡ್ಬೇಕು” ಭರವಸೆಯೂ ಅಲ್ಲ. ಯಾರು ಕರೆಸುತ್ತಾರೆ, ಯಾವಾಗ ಅಂತ ಅದರಲ್ಲಿಲ್ಲ. ಬೋರ್‌ವೆಲ್ಲಿಗೆ ಒಪ್ಪಿಗೆ ಸಿಕ್ಕಿತು ಅಂತ ನೀವು ಬರೆದರೆ ತಪ್ಪು. ಬೋರ್‌ವೆಲ್ ಮಾತೇ ಬರಲಿಲ್ಲ ಅನ್ನುವ ಹಾಗೆ ಬಿಟ್ಟರೂ ತಪ್ಪು.

ಒಂದು ಮಾತು ತೀರ್ಮಾನವೋ ಅಲ್ಲವೋ ಅಂತ ಅನುಮಾನ ಬಂದರೆ ಮೂರು ಪ್ರಶ್ನೆ ಹಾಕಿ ನೋಡಿ. ಏನು ಮಾಡುವುದು ಅಂತ ಸ್ಪಷ್ಟ ಇದೆಯಾ? ಸಭೆಯ ಒಪ್ಪಿಗೆ ಕೇಳಿಸುತ್ತದಾ? ಬರೆದುಕೊಳ್ಳಲು ಹೇಳಿದ್ದಾರಾ, ಇಲ್ಲವೇ ನಡಾವಳಿಯಲ್ಲಿ ಬಂದಿದೆಯಾ? ಮೂರಕ್ಕೂ ಹೌದು ಅಂದರೆ ತೀರ್ಮಾನ. ಒಂದಕ್ಕೆ ಇಲ್ಲ ಅಂದರೂ ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ ಪಿಡಿಒ ಹತ್ತಿರ ಕೇಳಿ. ಆಕ್ಷೇಪಣೆ ಬಂದ ಕಡೆ ಇನ್ನೂ ಎಚ್ಚರ ಬೇಕು. ಗಲಾಟೆಯಲ್ಲಿ “ಇದೆ ಇದೆ” ಅಂತ ಜೋರಾಗಿ ಕೇಳಿಸುವುದು ಮೈಕಿನ ಹತ್ತಿರ ಕೂತವರ ದನಿ. ಹಿಂದೆ ಕೂತವರು “ಬೇಡ” ಅಂದದ್ದು ಸಣ್ಣಗೆ ಕೇಳಿಸುತ್ತದೆ. ಆ ಜಾಗವನ್ನು ಮಾಮೂಲಿ ವೇಗದಲ್ಲಿ, ದನಿ ಜಾಸ್ತಿ ಮಾಡಿಕೊಂಡು ಇನ್ನೊಮ್ಮೆ ಕೇಳಿ.

ಅಂಕಿ, ದಿನಾಂಕ, ಹೆಸರು

ಮೇಲಿನ ಮಾತಿನಲ್ಲಿ “ಹದಿನೈದರಲ್ಲಿ ದುಡ್ಡಿದೆ” ಅಂತ ಬಂತಲ್ವಾ? ಪಂಚಾಯಿತಿ ಮಾತಿನ ಪರಿಚಯ ಇಲ್ಲದವರು ಅದನ್ನು 15ನೇ ತಾರೀಖು ಅಂತಲೋ 15 ಲಕ್ಷ ಅಂತಲೋ ಬರೆದುಬಿಡುತ್ತಾರೆ. ಅದು 15ನೇ ಹಣಕಾಸು ಆಯೋಗದ ಅನುದಾನ. ಆ ಅವಧಿಯ ಸಭೆಗಳ ರೆಕಾರ್ಡಿಂಗ್‌ನಲ್ಲೆಲ್ಲ ಈ ಮಾತು ಬರುತ್ತದೆ. ಹಾಗೇ “ಒಂಬತ್ತು ಹನ್ನೊಂದು ಆಗಿಲ್ಲ” ಅಂದರೆ ದಿನಾಂಕವೂ ಅಲ್ಲ, ಲೆಕ್ಕವೂ ಅಲ್ಲ. ಇ-ಸ್ವತ್ತಿನ ನಮೂನೆ 9 ಮತ್ತು ನಮೂನೆ 11. ಕೇಳಿದ ಅಂಕಿ ಯಾವುದರ ಅಂಕಿ ಅಂತ ಗೊತ್ತಾಗುವವರೆಗೂ ಅದು ನೋಟಿಸಿಗೆ ಹೋಗಬಾರದು.

ಮೊತ್ತಗಳಲ್ಲಿ “ಒಂದೂವರೆ”, “ಎರಡೂಕಾಲು” ಅಂತ ಬಂದಾಗ ಮುಂದೆ ಲಕ್ಷವೋ ಸಾವಿರವೋ ಅಂತ ಹೇಳದೆ ಬಿಟ್ಟಿರುತ್ತಾರೆ. ಕ್ರಿಯಾ ಯೋಜನೆಯ ಪಟ್ಟಿ ನೋಡಿಯೇ ಬರೆಯಿರಿ. ಪಟ್ಟಿಯಲ್ಲಿ ಸಿಗದಿದ್ದರೆ ಮೊತ್ತವನ್ನೇ ಬಿಡಿ. ಜನರಿಗೆ ಮೊದಲು ಬೇಕಾಗಿರುವುದು ಕೆಲಸ ಯಾವುದು, ಯಾವಾಗ ಅನ್ನುವುದು. ತಪ್ಪು ಮೊತ್ತ ಒಂದು ಸಲ ಬೋರ್ಡಿಗೆ ಬಿದ್ದರೆ ಅದನ್ನು ಹಿಂದಕ್ಕೆ ತರುವುದು ಬಹಳ ಕಷ್ಟ.

ದಿನಗಳನ್ನು ತಾರೀಖಿಗೆ ತಿರುಗಿಸಿ. “ಬರೋ ಸೋಮವಾರ” ಅನ್ನುವುದು ಸಭೆಯ ದಿನದಿಂದ ಎಣಿಸಿದ್ದು, ನೋಟಿಸ್ ಓದುವ ದಿನದಿಂದ ಅಲ್ಲ. ನಮ್ಮ ಉದಾಹರಣೆಯ ಸಭೆ 2025ರ ನವೆಂಬರ್ 12, ಬುಧವಾರ ನಡೆಯಿತು ಅಂತಿಟ್ಟುಕೊಳ್ಳಿ. ಆಗ ಬರೋ ಸೋಮವಾರ ಅಂದರೆ ನವೆಂಬರ್ 17. “ಹದಿನೈದು ದಿನದೊಳಗೆ” ಅಂದರೆ ನವೆಂಬರ್ 27. ವಾರವನ್ನೂ ಜೊತೆಗೆ ಬರೆಯಿರಿ. ಸಂತೆ, ಕೂಲಿ ಎಲ್ಲ ವಾರದ ಲೆಕ್ಕದಲ್ಲೇ ನಡೆಯುವ ಊರಲ್ಲಿ ಬರಿಯ ತಾರೀಖು ಸಾಲದು. “ಜಾತ್ರೆ ಆದ್ಮೇಲೆ”, “ಸುಗ್ಗಿ ಮುಗೀಲಿ” ಅಂತ ಹೇಳಿದ್ದರೆ ನೀವಾಗಿ ತಾರೀಖು ಹಾಕಬೇಡಿ. ಪಿಡಿಒ ಕೇಳಿ ಗಟ್ಟಿ ಮಾಡಿಸಿ, ಇಲ್ಲವೇ ಅದೇ ಮಾತನ್ನು ಹಾಗೇ ಬರೆಯಿರಿ.

ಇನ್ನು ಹೆಸರುಗಳು. ಪ್ರಶ್ನೆ ಕೇಳಿದವರ ಹೆಸರು ನೋಟಿಸಿಗೆ ಬೇಡ. “ಕೆಳಗಿನ ಕೇರಿಯ ಜನ ಕೇಳಿದರು” ಅಂದರೆ ಸಾಕು. ಕೆಲಸ ಮಾಡಬೇಕಾದವರನ್ನು ಹುದ್ದೆಯಿಂದ ಕರೆಯಿರಿ: ಪಿಡಿಒ, ಕಾರ್ಯದರ್ಶಿ, ನೀರುಗಂಟಿ, ಆಯಾ ವಾರ್ಡಿನ ಸದಸ್ಯರು.

ಮನೆ ಹಂಚಿಕೆಯ ಪಟ್ಟಿಯಲ್ಲಿ ತುಂಬಾ ಎಚ್ಚರ ಬೇಕು. ಸಭೆಯಲ್ಲಿ ಪಟ್ಟಿ ಓದುತ್ತಾರೆ, ಯಾರೋ ಎದ್ದು “ಅವ್ರಿಗೆ ಆಗ್ಲೇ ಮನೆ ಇದೆ” ಅನ್ನುತ್ತಾರೆ, ಆ ಹೆಸರುಗಳನ್ನು ಮತ್ತೆ ಪರಿಶೀಲಿಸಲು ಸಭೆ ಒಪ್ಪುತ್ತದೆ. ನೋಟಿಸಿನಲ್ಲಿ “ಇಬ್ಬರ ಅರ್ಜಿಯನ್ನು ಮತ್ತೆ ಪರಿಶೀಲಿಸಲಾಗುತ್ತದೆ, ಅವರಿಗೆ ಪಂಚಾಯಿತಿಯಿಂದ ತಿಳಿಸುತ್ತಾರೆ” ಅಂತ ಮಾತ್ರ ಬರೆಯಿರಿ. ಆರೋಪ ಇನ್ನೂ ಸಾಬೀತಾಗಿಲ್ಲ. ಹೆಸರು ಹಾಕಿದರೆ ಬೋರ್ಡಿನ ಮುಂದೆ ನಿಂತವರೆಲ್ಲ ತೀರ್ಪು ಕೊಟ್ಟುಬಿಡುತ್ತಾರೆ. ಆಧಾರ್ ಸಂಖ್ಯೆ, ಫೋನ್ ನಂಬರ್, ಬ್ಯಾಂಕ್ ಖಾತೆ, ಯಾರದೋ ಕಾಯಿಲೆ, ಕಂದಾಯ ಬಾಕಿ ಇಟ್ಟವರ ಹೆಸರು, ಇವು ಸಭೆಯಲ್ಲಿ ಗಟ್ಟಿಯಾಗಿ ಹೇಳಿದ್ದರೂ ಹಾಳೆಗೆ ಬರಬಾರದು.

ಬರೆಯುವಾಗ

ಕಚೇರಿಯ ಕನ್ನಡಕ್ಕೆ ಒಂದು ಗುಣ ಇದೆ: ಕೆಲಸ ಮಾಡುವವರು ಯಾರು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ನಡಾವಳಿಯಲ್ಲಿ ಹೀಗಿರುತ್ತದೆ: “ಸದರಿ ಗ್ರಾಮದ ಕುಡಿಯುವ ನೀರಿನ ಸಮಸ್ಯೆಯ ಕುರಿತು ಸುದೀರ್ಘವಾಗಿ ಚರ್ಚಿಸಿ, ವಾಲ್ವ್ ದುರಸ್ತಿಗೆ ಅಗತ್ಯ ಕ್ರಮ ವಹಿಸಲು ಸಭೆಯು ಸರ್ವಾನುಮತದಿಂದ ಅನುಮೋದಿಸಿತು.” ನೋಟಿಸಿನಲ್ಲಿ ಹೀಗೆ ಬರೆಯಿರಿ: “ಕೆಳಗಿನ ಕೇರಿಯ ನೀರಿನ ವಾಲ್ವನ್ನು ಪಂಚಾಯಿತಿ ನವೆಂಬರ್ 17, ಸೋಮವಾರದೊಳಗೆ ಬದಲಾಯಿಸುತ್ತದೆ.” ಸಭೆಯಲ್ಲಿ ಪಿಡಿಒ ಹೇಳಿದ್ದು ಹಾಕಿಸುತ್ತೇನೆ ಅಂತ. ನಡಾವಳಿಯಲ್ಲಿ ಅದು ದುರಸ್ತಿ ಆಗಿದ್ದರೆ ಯಾವುದು ಸರಿ ಅಂತ ಕೇಳಿ ತಿಳಿದುಕೊಂಡ ಮೇಲೆ ಬರೆಯಿರಿ. ಯಾರು, ಏನು, ಎಲ್ಲಿ, ಯಾವಾಗಿನೊಳಗೆ. ಒಂದು ವಾಕ್ಯದಲ್ಲಿ ಒಂದೇ ಕೆಲಸ.

“ಕ್ರಮ ಕೈಗೊಳ್ಳಲಾಗುವುದು” ಅನ್ನುವುದು ನಿಮ್ಮ ಕೈಯಿಂದ ಬಂದಾಗಲೆಲ್ಲ ನಿಂತು ನೋಡಿ. ಯಾರು ಮಾಡುತ್ತಾರೆ ಅಂತ ಗೊತ್ತಿದ್ದರೆ ಅವರನ್ನು ಮುಂದೆ ತನ್ನಿ. ಗೊತ್ತಿಲ್ಲದಿದ್ದರೆ ಅದು ತೀರ್ಮಾನವೇ ಅಲ್ಲದಿರಬಹುದು. ಹಾಗಂತ ಸರಳ ಮಾಡುವ ಭರದಲ್ಲಿ ಜನರಿಗೆ ಗೊತ್ತಿರುವ ಮಾತನ್ನು ಬದಲಾಯಿಸಬೇಡಿ. ಬೋರ್‌ವೆಲ್, ಪೈಪ್‌ಲೈನ್, ಕಂದಾಯ, ಅರ್ಜಿ, ಜಮಾಬಂದಿ, ಇವು ಊರಿನ ಮಾತುಗಳೇ.

ಯಾವುದು ಮೊದಲು ಬರಬೇಕು? ವಿಷಯಪಟ್ಟಿಯ ಕ್ರಮ ಬೇಡ. ಓದುವವರು ಏನಾದರೂ ಮಾಡಬೇಕಾಗಿದ್ದರೆ ಅದು ಮೇಲೆ, ಕೊನೆಯ ದಿನಾಂಕದ ಜೊತೆ. ಅರ್ಜಿ ಕೊಡುವುದು ನಾಲ್ಕನೇ ಸಾಲಿನಲ್ಲಿ ಮುಚ್ಚಿಹೋದರೆ ಬಡವರ ಮನೆಗೇ ನಷ್ಟ. ಆಮೇಲೆ ತೀರ್ಮಾನಗಳು, ಊರು ಅಥವಾ ಕೇರಿಯ ಪ್ರಕಾರ. ನಮ್ಮ ಪಂಚಾಯಿತಿಗಳಲ್ಲಿ ಹಲವು ಹಳ್ಳಿ ಸೇರಿರುತ್ತವೆ, ಜನ ಮೊದಲು ಹುಡುಕುವುದು ತಮ್ಮ ಊರಿನ ಹೆಸರನ್ನು. ಕೊನೆಗೆ “ಇನ್ನೂ ತೀರ್ಮಾನ ಆಗದ ವಿಷಯಗಳು”. ಈ ಕೊನೆಯ ಭಾಗ ಬೇಡ ಅಂತ ಕೆಲವು ಕಡೆ ಹೇಳುತ್ತಾರೆ. ದಯವಿಟ್ಟು ಬಿಡಬೇಡಿ. ಆ ಹೆಂಗಸು ಎರಡು ಸಭೆಯಲ್ಲಿ ಎದ್ದು ನಿಂತು ಕೇಳಿದ್ದಾರೆ. ಅವರು ಕೇಳಿದ್ದು ಸಭೆಗೆ ಮುಟ್ಟಿದೆ ಅನ್ನುವುದಕ್ಕೆ ಊರಿನ ಎದುರು ಕಾಣುವ ಗುರುತು ಅದೊಂದೇ. ಮುಂದಿನ ಸಭೆಯಲ್ಲಿ ವಿಷಯ ಎಲ್ಲಿಂದ ಶುರುವಾಗಬೇಕು ಅನ್ನುವುದೂ ಅಲ್ಲಿಂದಲೇ ಸಿಗುತ್ತದೆ. ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ಸೇರಬೇಕು. ಆರು ತಿಂಗಳು ಕಳೆದ ಮೇಲೆ ಯಾರು ಏನು ಕೇಳಿದ್ದರು ಅಂತ ನೆನಪಿರುವುದಿಲ್ಲ.

ನಮ್ಮ ಉದಾಹರಣೆಯ ಹಾಳೆ ಕೊನೆಗೆ ಹೀಗಾಗುತ್ತದೆ.

> ಗ್ರಾಮಸಭೆಯಲ್ಲಿ ಏನಾಯಿತು?
> ಸಭೆ ನಡೆದ ದಿನ: 12-11-2025, ಬುಧವಾರ
> ಬಂದವರು: 134 ಜನ (ಹಾಜರಿ ಪುಸ್ತಕದ ಪ್ರಕಾರ)
>
> ನೀವು ಮಾಡಬೇಕಾದದ್ದು
> ಮನೆಗೆ ಅರ್ಜಿ ಕೊಡದೆ ಉಳಿದವರು 27-11-2025, ಗುರುವಾರದೊಳಗೆ ಪಂಚಾಯಿತಿ ಕಚೇರಿಯಲ್ಲಿ ಕೊಡಿ. ಯಾವ ಕಾಗದ ಬೇಕು ಅಂತ ಕಾರ್ಯದರ್ಶಿಯವರನ್ನು ಕೇಳಿ.
>
> ಸಭೆ ತೀರ್ಮಾನಿಸಿದ್ದು
> ಕೆಳಗಿನ ಕೇರಿ: ನೀರಿನ ವಾಲ್ವನ್ನು ಪಂಚಾಯಿತಿ 17-11-2025, ಸೋಮವಾರದೊಳಗೆ ಬದಲಾಯಿಸುತ್ತದೆ. ಹಣ: 15ನೇ ಹಣಕಾಸು ಆಯೋಗದ ಅನುದಾನ.
> ಎಲ್ಲ ಊರು: ಮನೆ ಪಟ್ಟಿಗೆ ಸಭೆ ಒಪ್ಪಿದೆ. ಇಬ್ಬರ ಅರ್ಜಿಯನ್ನು ಮತ್ತೆ ಪರಿಶೀಲಿಸಲಾಗುತ್ತದೆ. ಅವರಿಗೆ ಪಂಚಾಯಿತಿಯಿಂದ ತಿಳಿಸುತ್ತಾರೆ. ಪಟ್ಟಿಯನ್ನು ಕಚೇರಿಯಲ್ಲಿ ನೋಡಬಹುದು.
>
> ಇನ್ನೂ ತೀರ್ಮಾನ ಆಗದ ವಿಷಯಗಳು
> ಕೆಳಗಿನ ಕೇರಿಗೆ ಹೊಸ ಬೋರ್‌ವೆಲ್ ಬೇಕು ಅಂತ ಸಭೆಯಲ್ಲಿ ಕೇಳಿದ್ದಾರೆ. ಇಂಜಿನಿಯರ್ ನೋಡಿ ಅಂದಾಜು ಪಟ್ಟಿ ಕೊಡಬೇಕು. ದಿನಾಂಕ ಗೊತ್ತಾಗಿಲ್ಲ.
> ಸ್ಮಶಾನದ ದಾರಿ: ವಿಷಯಪಟ್ಟಿಯಲ್ಲಿತ್ತು, ಸಮಯ ಸಾಲದೆ ಚರ್ಚೆಗೆ ಬರಲಿಲ್ಲ.
>
> ಇದು ತಿಳಿವಳಿಕೆಗಾಗಿ ಬರೆದ ಸಾರಾಂಶ. ಪೂರ್ತಿ ನಡಾವಳಿ ಪಂಚಾಯಿತಿ ಕಚೇರಿಯಲ್ಲಿದೆ.
> ಸಹಿ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಹಾಕಿದ ದಿನ: ______

“ಚರ್ಚೆಗೆ ಬರಲಿಲ್ಲ” ಅನ್ನುವ ಸಾಲು ನೋಡಿ. ರೆಕಾರ್ಡಿಂಗ್ ಮಾತ್ರ ಕೇಳಿ ಬರೆದವರಿಗೆ ಅದು ಹೊಳೆಯುವುದೇ ಇಲ್ಲ, ಯಾಕೆಂದರೆ ರೆಕಾರ್ಡಿಂಗ್‌ನಲ್ಲಿ ಆ ವಿಷಯವೇ ಇಲ್ಲ. ಗುರುತು ಹಾಕಿದ ಹಾಳೆಯನ್ನು ವಿಷಯಪಟ್ಟಿಯ ಪಕ್ಕ ಇಟ್ಟು ಒಂದೊಂದಾಗಿ ಟಿಕ್ ಮಾಡಿದರೆ ಬಿಟ್ಟುಹೋದದ್ದು ಕಣ್ಣಿಗೆ ಬೀಳುತ್ತದೆ.

ನಡಾವಳಿಗೂ ರೆಕಾರ್ಡಿಂಗ್‌ಗೂ ತಾಳೆ ಆಗದಿದ್ದರೆ

ಇದು ಆಗಾಗ ಆಗುತ್ತದೆ. ರೆಕಾರ್ಡಿಂಗ್‌ನಲ್ಲಿ ಸೋಮವಾರ ಅಂತ ಇರುತ್ತದೆ, ನಡಾವಳಿಯಲ್ಲಿ “ಶೀಘ್ರವಾಗಿ” ಅಂತ ಇರುತ್ತದೆ. ಕೆಲವೊಮ್ಮೆ ಬೇಡಿಕೆಯೊಂದು ತೀರ್ಮಾನವಾಗಿ ಕೂತಿರುತ್ತದೆ. ಯಾವುದು ಸರಿ ಅಂತ ನಿರ್ಧರಿಸುವುದು ನಿಮ್ಮ ಕೆಲಸವಲ್ಲ, ತೋರಿಸುವುದು ನಿಮ್ಮ ಕೆಲಸ. ನಿಮಿಷ ಬರೆದಿಟ್ಟುಕೊಂಡಿದ್ದರಿಂದ ಇಲ್ಲಿ ಲಾಭ. “ಸಾರ್, 42ನೇ ನಿಮಿಷ ಒಂದ್ಸಲ ಕೇಳಿ” ಅಂತ ಪಿಡಿಒ ಮುಂದೆ ಇಟ್ಟರೆ ವಾದಕ್ಕೆ ಜಾಗ ಇರುವುದಿಲ್ಲ. ನಡಾವಳಿ ಸರಿಪಡಿಸಬೇಕಾದರೆ ಅವರು ಅದರ ಕ್ರಮದಲ್ಲಿ ಮಾಡುತ್ತಾರೆ. ಅಲ್ಲಿಯವರೆಗೆ ತಾಳೆ ಆಗದ ಆ ಒಂದು ಸಾಲನ್ನು ತಡೆಹಿಡಿದು ಉಳಿದದ್ದನ್ನು ಹಾಕಿ. ಒಂದು ಸಾಲಿಗಾಗಿ ಇಡೀ ಹಾಳೆ ನಿಂತರೆ ಅರ್ಜಿಯ ಕೊನೆಯ ದಿನವೇ ದಾಟಿಹೋಗುತ್ತದೆ.

ಅಚ್ಚು ಮತ್ತು ಬೋರ್ಡು

ಎ4 ಹಾಳೆ ಒಂದೇ ಇರಲಿ, ತುಂಬಾ ವಿಷಯ ಇದ್ದರೆ ಎ3. ಬರಹ 20 ಪಾಯಿಂಟಿಗಿಂತ ಚಿಕ್ಕದು ಬೇಡ, ಶೀರ್ಷಿಕೆ 36. ಎ4 ಹಾಳೆಗೆ ಹಿಡಿಸದಿದ್ದರೆ ಅಕ್ಷರ ಚಿಕ್ಕದು ಮಾಡಬೇಡಿ, ಮಾತು ಕಡಿಮೆ ಮಾಡಿ. ಸಾಲುಗಳ ಮಧ್ಯೆ ಒಂದೂವರೆ ಪಟ್ಟು ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ವಯಸ್ಸಾದವರಿಗೆ ಓದಲು ಆಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲನ್ನು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗಬಹುದು. ಪಿಡಿಎಫ್ ಮಾಡಿಕೊಂಡೇ ಹೋಗಿ.

ಸಹಿಗೆ ಕೊಡುವ ಮುಂಚೆ ಒಂದು ಪರೀಕ್ಷೆ ಇದೆ. ಸಭೆಗೆ ಬರದ ಒಬ್ಬರ ಕೈಗೆ ಹಾಳೆ ಕೊಟ್ಟು ಜೋರಾಗಿ ಓದಿಸಿ. ಆಮೇಲೆ ಕೇಳಿ: “ಅಕ್ಕ, ಬೋರ್‌ವೆಲ್ ಹಾಕಿಸ್ತಾರಾ?” ಅವರು “ಹೂಂ, ಹಾಕಿಸ್ತಾರಂತೆ” ಅಂದರೆ ನಿಮ್ಮ ಸಾಲು ಇನ್ನೂ ಸರಿಯಾಗಿಲ್ಲ. ಅವರು ತಡವರಿಸಿದ ಜಾಗವನ್ನೆಲ್ಲ ಬದಲಾಯಿಸಿ.

ಪಂಚಾಯಿತಿ ಕಚೇರಿಯ ಬೋರ್ಡಿಗೆ ಒಂದು ಪ್ರತಿ ಸಾಲದು. ಕಚೇರಿ ಇರುವುದು ಒಂದೇ ಊರಲ್ಲಿ. ಉಳಿದ ಹಳ್ಳಿಗಳಲ್ಲಿ ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಗ್ರಂಥಾಲಯ, ಹೀಗೆ ಜನ ಸಾಲು ನಿಲ್ಲುವ ಕಡೆ ಹಾಕಿ. ಆ ಜಾಗದವರನ್ನು ಒಂದು ಮಾತು ಕೇಳಿಯೇ ಅಂಟಿಸಿ. ನಿಂತವರ ಕಣ್ಣಿನ ಎತ್ತರಕ್ಕೆ ಇರಲಿ, ಮಳೆ ಬೀಳದ ಕಡೆ. ಎಲ್ಲೆಲ್ಲಿ, ಯಾವತ್ತು ಹಾಕಿದಿರಿ ಅಂತ ಕಚೇರಿಯ ಪ್ರತಿಯ ಹಿಂದೆ ಬರೆದಿಡಿ.

ಹಾಕಿದ ಮೇಲೆ ತಪ್ಪು ಗೊತ್ತಾದರೆ ಪೆನ್ನಿನಿಂದ ಹೊಡೆದು ತಿದ್ದಬೇಡಿ. ಯಾರು ತಿದ್ದಿದರು ಅನ್ನುವ ಅನುಮಾನ ಶುರುವಾಗುತ್ತದೆ. “ತಿದ್ದುಪಡಿ” ಅಂತ ಮೇಲೆ ಬರೆದು, ಯಾವ ಸಾಲು ಬದಲಾಗಿದೆ ಅಂತ ಹೇಳಿ, ದಿನಾಂಕ ಮತ್ತು ಸಹಿಯ ಜೊತೆ ಹೊಸ ಹಾಳೆ ಹಾಕಿ, ಹಳೆಯದನ್ನು ಎಲ್ಲ ಕಡೆಯಿಂದಲೂ ತೆಗೆಯಿರಿ. ಹಾಳೆ, ನಿಮಿಷದ ಪಟ್ಟಿ, ರೆಕಾರ್ಡಿಂಗ್, ಮೂರನ್ನೂ ಮುಂದಿನ ಗ್ರಾಮಸಭೆ ಮುಗಿಯುವವರೆಗಾದರೂ ಒಟ್ಟಿಗೆ ಇಟ್ಟಿರಿ. ಆ ಸಭೆಯಲ್ಲಿ ಅನುಪಾಲನಾ ವರದಿ ಓದುವಾಗ ವಾಲ್ವ್ ಯಾವತ್ತು ಬದಲಾಯಿತು ಅಂತ ಈ ಹಾಳೆ ಹಿಡಿದುಕೊಂಡೇ ಕೇಳಬಹುದು.